ಬಾಗಿಲು ಮುಚ್ಚಿದ ಮೇಲಿನ ಮೂರು ಸೆಕೆಂಡು

ಬೆಂಗಳೂರಿನ ಯಾವುದಾದರೂ ಹೊಸ ಬಹುಮಹಡಿ ಕಟ್ಟಡದ ಟೆರೇಸಿಗೆ ಹೋದರೆ, ನೀರಿನ ಟ್ಯಾಂಕು ಮತ್ತು ಸೋಲಾರ್ ಪ್ಯಾನೆಲ್‌ಗಳ ನಡುವೆ ತಗಡಿನ ಡಕ್ಟಿಗೆ ಜೋಡಿಸಿದ ದೊಡ್ಡ ಫ್ಯಾನೊಂದು ಕಾಣಸಿಗುತ್ತದೆ. ವರ್ಷದ ಹೆಚ್ಚಿನ ದಿನ ಅದು ತಿರುಗುವುದೇ ಇಲ್ಲ. ನಿವಾಸಿಗಳನ್ನು ಕೇಳಿದರೆ ಎಸಿಗೆ ಸಂಬಂಧಿಸಿದ್ದಿರಬೇಕು ಎನ್ನುತ್ತಾರೆ. ಸೆಕ್ಯುರಿಟಿಯವರಿಗೆ ಅದರ ಹೆಸರು ಗೊತ್ತು: ಪ್ರೆಶರೈಸೇಶನ್ ಫ್ಯಾನ್. ಬೆಂಕಿಯ ಅಲಾರಂ ಹೊಡೆದ ಕೂಡಲೇ ಹೊರಗಿನ ಗಾಳಿಯನ್ನು ಮೆಟ್ಟಿಲ ಬಾವಿಯೊಳಕ್ಕೆ ತಳ್ಳುವುದು ಅದರ ಕೆಲಸ. ಮೆಟ್ಟಿಲ ಕಡೆಯ ಒತ್ತಡ ಲಾಬಿಗಿಂತ ತುಸು ಹೆಚ್ಚಿದ್ದರೆ ಬಾಗಿಲ ಸಂದಿಯಲ್ಲಿ ಗಾಳಿ ಮೆಟ್ಟಿಲಿನಿಂದ ಲಾಬಿಯ ಕಡೆಗೆ ಹರಿಯುತ್ತದೆ, ಹೊಗೆ ಒಳಗೆ ನುಗ್ಗುವುದಿಲ್ಲ.

ಹೊಗೆಯನ್ನು ಇಷ್ಟು ಗಂಭೀರವಾಗಿ ಏಕೆ ತೆಗೆದುಕೊಳ್ಳಬೇಕು ಎನ್ನುವುದನ್ನು ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. 2010ರ ಫೆಬ್ರವರಿ 23ರಂದು ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಮಂದಿ ಸತ್ತರು. ಅಲ್ಲಿ ಜನರನ್ನು ಬೆನ್ನಟ್ಟಿದ್ದು ಜ್ವಾಲೆಗಿಂತ ಹೆಚ್ಚಾಗಿ ಹೊಗೆ. ಉಸಿರುಕಟ್ಟಿ ಕಿಟಕಿಯ ಗಾಜು ಒಡೆದು ಹಾರಿದವರೂ ಇದ್ದರು.

ಗಾಳಿ ತುಂಬಿ ಹೊಗೆ ತಡೆಯುವ ಈ ಉಪಾಯ ಕೇಳಲು ಬಹಳ ಸರಳ. ಎಷ್ಟು ಒತ್ತಡ ಬೇಕು ಎಂಬುದಕ್ಕೂ ಉತ್ತರ ಸಿದ್ಧವಿದೆ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಮೆಟ್ಟಿಲಿಗೆ 50 ಪಾಸ್ಕಲ್ ಎನ್ನುತ್ತದೆ. ನಳಿಕೆಯಲ್ಲಿ ನೀರು 5 ಮಿಲಿಮೀಟರ್ ಏರುವಷ್ಟು ಒತ್ತಡ ಅದು, ನಮ್ಮ ಚರ್ಮಕ್ಕೆ ಗೊತ್ತೇ ಆಗುವುದಿಲ್ಲ. ಬಾಗಿಲುಗಳನ್ನೆಲ್ಲ ಮುಚ್ಚಿ, ಫ್ಯಾನ್ ಹಾಕಿ, ಮೀಟರಿನ ಮುಳ್ಳು 50ರ ಮೇಲೆ ನಿಂತದ್ದನ್ನು ಫೋಟೊ ತೆಗೆದರೆ ಎಷ್ಟೋ ಕಡೆ ಪರೀಕ್ಷೆ ಮುಗಿದ ಹಾಗೆ. ಆದರೆ ಎಲ್ಲ ಬಾಗಿಲೂ ಮುಚ್ಚಿಕೊಂಡೇ ಇದ್ದರೆ ಯಾರೂ ಕೆಳಗಿಳಿಯುತ್ತಿಲ್ಲ ಎಂದರ್ಥ. ಜನ ಇಳಿಯತೊಡಗಿದಾಗ ಬಾಗಿಲುಗಳು ತೆರೆಯುತ್ತವೆ, ಮುಚ್ಚುತ್ತವೆ, ಮತ್ತೆ ತೆರೆಯುತ್ತವೆ. ಆ ಗಲಿಬಿಲಿಯಲ್ಲಿ ಒತ್ತಡ ಏನಾಗುತ್ತದೆ ಎನ್ನುವುದರಲ್ಲೇ ಈ ವಿನ್ಯಾಸದ ಕಷ್ಟವೆಲ್ಲ ಇದೆ.

ಒತ್ತಡಕ್ಕೆ ಎರಡು ಕಡೆಯಿಂದಲೂ ಕಡಿವಾಣವಿದೆ. ಕಡಿಮೆಯಾದರೆ ಹೊಗೆ ಬರುತ್ತದೆ, ಹೆಚ್ಚಾದರೆ ಬಾಗಿಲೇ ತೆರೆಯುವುದಿಲ್ಲ. ಮಹಡಿಗಳ ಫೈರ್ ಡೋರ್ ಜನ ಓಡುವ ದಿಕ್ಕಿಗೆ, ಅಂದರೆ ಮೆಟ್ಟಿಲ ಒಳಕ್ಕೆ ತೆರೆಯುತ್ತದೆ. ಮೆಟ್ಟಿಲಲ್ಲಿ ತುಂಬಿದ ಗಾಳಿ ಅದನ್ನು ಚೌಕಟ್ಟಿಗೆ ಒತ್ತಿ ಹಿಡಿಯುತ್ತದೆ. ಒಂದು ಮೀಟರ್ ಅಗಲ, 2.1 ಮೀಟರ್ ಎತ್ತರದ ಬಾಗಿಲನ್ನೇ ತೆಗೆದುಕೊಳ್ಳಿ. 50 ಪಾಸ್ಕಲ್‌ನಲ್ಲಿ ಅದರ ಮೇಲೆ ಬೀಳುವ ಒಟ್ಟು ಬಲ 105 ನ್ಯೂಟನ್. ಕೀಲು ಒಂದು ಅಂಚಿನಲ್ಲಿ, ಹಿಡಿ ಇನ್ನೊಂದು ಅಂಚಿನ ಹತ್ತಿರ ಇರುವುದರಿಂದ ಹಿಡಿಯ ಬಳಿ ತಳ್ಳುವವರಿಗೆ ಸುಮಾರು 57 ನ್ಯೂಟನ್ ತಾಗುತ್ತದೆ. ಬಾಗಿಲನ್ನು ತಾನಾಗಿ ಮುಚ್ಚಿಸುವ ಡೋರ್ ಕ್ಲೋಸರ್‌ನದು ಇನ್ನೊಂದು 40–45. ಎರಡೂ ಸೇರಿ ಹೆಚ್ಚುಕಡಿಮೆ 100 ನ್ಯೂಟನ್, ಹತ್ತು ಕೆಜಿ ತೂಕದಷ್ಟು. ಯುರೋಪಿನ ಇಎನ್ 12101-6 ಮಾನದಂಡ ಹಾಕಿದ ಗರಿಷ್ಠ ಮಿತಿಯೂ ಇದೇ 100. ಅಮೆರಿಕದ ಎನ್‌ಎಫ್‌ಪಿಎ ಸಂಹಿತೆ 133ರ ತನಕ ಬಿಡುತ್ತದೆ. ಎಂಬತ್ತರ ಅಜ್ಜಿಗೆ ನೂರು ನ್ಯೂಟನ್ನೇ ಹೆಚ್ಚು ಎಂದು ನನಗನ್ನಿಸುತ್ತದೆ. ಅದಿರಲಿ, ಒತ್ತಡ 50ರಿಂದ 80ಕ್ಕೆ ಹೋದರೆ ಅಮೆರಿಕದ ಮಿತಿಯೂ ದಾಟುತ್ತದೆ ಎಂಬುದು ಇಲ್ಲಿ ಮುಖ್ಯ. ನಮ್ಮ ಕೈಯಲ್ಲಿರುವ ಅವಕಾಶ ಅಷ್ಟು ಇಕ್ಕಟ್ಟಿನದು.

ಹದಿನೈದು ಮಹಡಿಯ, ಮಹಡಿಗೊಂದು ಫೈರ್ ಡೋರ್ ಇರುವ ಅಪಾರ್ಟ್‌ಮೆಂಟ್ ಒಂದನ್ನು ಊಹಿಸಿಕೊಂಡು ಲೆಕ್ಕ ಹಾಕೋಣ. ಸೂತ್ರ ಒಂದೇ ಸಾಕು:

```
Q = 0.83 × A × √P
```

Q ಎಂದರೆ ಸೆಕೆಂಡಿಗೆ ಸೋರುವ ಗಾಳಿ, ಘನ ಮೀಟರ್‌ಗಳಲ್ಲಿ. A ಸೋರುವ ಸಂದಿಯ ವಿಸ್ತೀರ್ಣ, P ಒತ್ತಡದ ವ್ಯತ್ಯಾಸ. ಒಳಕ್ಕೆ ತೆರೆಯುವ ಬಾಗಿಲು ಮುಚ್ಚಿದ್ದಾಗ ಸುತ್ತಲಿನ ಸಂದಿಗಳನ್ನೆಲ್ಲ ಸೇರಿಸಿ 0.01 ಚದರ ಮೀಟರ್ ಎಂದು ಹಿಡಿಯುವುದು ರೂಢಿ. ಹದಿನೈದು ಬಾಗಿಲು, ಕೆಳಗೆ ಹೊರಕ್ಕೆ ತೆರೆಯುವ ಒಂದು ಬಾಗಿಲು, ಗೋಡೆಯ ಬಿರುಕುಗಳು ಎಲ್ಲ ಕೂಡಿ 0.22 ಎಂದುಕೊಳ್ಳೋಣ. 50 ಪಾಸ್ಕಲ್ ಕಾಯ್ದುಕೊಳ್ಳಲು ಬೇಕಾಗುವುದು ಸೆಕೆಂಡಿಗೆ ಬರೀ 1.3 ಘನ ಮೀಟರ್ ಗಾಳಿ. ಅಷ್ಟಕ್ಕೆ ಸಣ್ಣ ಫ್ಯಾನ್ ಸಾಕು.

ಈಗ ಒಂದು ಬಾಗಿಲು ತೆರೆಯಿರಿ. ಸಂದಿಯ ವಿಸ್ತೀರ್ಣ 0.22ರಿಂದ ಒಮ್ಮೆಗೇ 2.3ಕ್ಕೆ ಜಿಗಿಯುತ್ತದೆ. ಫ್ಯಾನ್ ಅಷ್ಟೇ ಗಾಳಿ ಕೊಡುತ್ತಿದ್ದರೆ ಒತ್ತಡ ಅರ್ಧ ಪಾಸ್ಕಲ್‌ಗೂ ಕೆಳಗಿಳಿಯುತ್ತದೆ. ಫೋಟೊದಲ್ಲಿದ್ದ ಐವತ್ತು, ಒಬ್ಬರು ಬಾಗಿಲು ದೂಡಿದ ಕೂಡಲೇ ಹೇಳಹೆಸರಿಲ್ಲದಂತೆ ಹೋಯಿತು.

ಬಾಗಿಲು ತೆರೆದಿರುವಾಗ 50 ಪಾಸ್ಕಲ್ ಉಳಿಸಿಕೊಳ್ಳಲು ಯಾರಿಂದಲೂ ಆಗದು, ಅದನ್ನು ಯಾರೂ ಕೇಳುವುದೂ ಇಲ್ಲ. ಆಗ ಅಳೆಯುವುದು ಬಾಗಿಲ ಮೂಲಕ ಹರಿಯುವ ಗಾಳಿಯ ವೇಗವನ್ನು. ಜನ ಪಾರಾಗುವ ಹಂತಕ್ಕೆ ಇಎನ್ 12101-6ರ 2005ರ ಆವೃತ್ತಿ ಸೆಕೆಂಡಿಗೆ 0.75 ಮೀಟರ್ ಕೇಳುತ್ತಿತ್ತು. ಅಗ್ನಿಶಾಮಕ ಸಿಬ್ಬಂದಿ ಹೋಸ್ ಪೈಪು ಎಳೆದುಕೊಂಡು ಒಳನುಗ್ಗುವ ಹಂತಕ್ಕೆ 2 ಮೀಟರ್. ಆ ಪೈಪು ಅಡ್ಡ ಬಂದು ಬಾಗಿಲು ಮುಚ್ಚುವುದೇ ಇಲ್ಲವಲ್ಲ, ಅದಕ್ಕೆ. ನಮ್ಮ ಕಟ್ಟಡಕ್ಕೆ 0.75 ಸಾಕು ಎಂದುಕೊಂಡರೂ ತೆರೆದ ಬಾಗಿಲ ಮೂಲಕ ಸೆಕೆಂಡಿಗೆ ಸುಮಾರು 1.6 ಘನ ಮೀಟರ್ ಹೋಗಬೇಕು.

ಹೀಗೆ ಲಾಬಿಗೆ ಹೋದ ಗಾಳಿ ಅಲ್ಲಿಂದ ಎಲ್ಲಿಗೆ ಹೋಗಬೇಕು? ಗಾಜಿನಿಂದ ಬಿಗಿಯಾಗಿ ಮುಚ್ಚಿದ ಆಫೀಸ್ ಕಟ್ಟಡಗಳಲ್ಲಿ ಮರೆತೇಹೋಗುವ ಪ್ರಶ್ನೆ ಇದು. ಹೊರಹೋಗಲು ದಾರಿ ಇಲ್ಲದಿದ್ದರೆ ಆ ಮಹಡಿಯ ಒತ್ತಡವೂ ಏರಿ ಮೆಟ್ಟಿಲಿನ ಒತ್ತಡಕ್ಕೆ ಸಮನಾಗುತ್ತದೆ. ಆಗ ಬಾಗಿಲಲ್ಲಿ ಗಾಳಿಯ ಹರಿವು ನಿಲ್ಲುತ್ತದೆ, ಫ್ಯಾನ್ ಎಷ್ಟೇ ದೊಡ್ಡದಿದ್ದರೂ ಅಷ್ಟೇ. ಹಾಗಾಗಿ ಹೊರಗೋಡೆಯಲ್ಲಿ ಬೆಂಕಿಯ ಹೊತ್ತಿಗೆ ತೆರೆದುಕೊಳ್ಳುವ ಕಿಂಡಿ ಬೇಕು. ನಮ್ಮ ಲೆಕ್ಕಕ್ಕೆ ಅದು 0.63 ಚದರ ಮೀಟರ್. ಆ ಕಿಂಡಿಯಿಂದ 1.6 ಘನ ಮೀಟರ್ ಗಾಳಿ ಹೊರಬೀಳಲು ಲಾಬಿಯಲ್ಲಿ 9 ಪಾಸ್ಕಲ್ ಬೇಕು, ಮೆಟ್ಟಿಲಲ್ಲಿ ಸುಮಾರು 10.

ಇನ್ನೊಂದು ಬಾಗಿಲನ್ನು ಮರೆಯುವಂತಿಲ್ಲ. ಜನ ಇಳಿದು ಹೋಗುತ್ತಿರುವಷ್ಟು ಹೊತ್ತೂ ನೆಲಮಹಡಿಯ ಹೊರಬಾಗಿಲು ತೆರೆದೇ ಇರುತ್ತದೆ. ಬರೀ 10 ಪಾಸ್ಕಲ್‌ನಲ್ಲೂ ಅದರಿಂದ ಸೆಕೆಂಡಿಗೆ ಐದೂವರೆ ಘನ ಮೀಟರ್ ಗಾಳಿ ಬೀದಿಗೆ ಹೋಗುತ್ತದೆ. ಉಳಿದ ಸಂದಿಗಳ ಸೋರಿಕೆ ಅರ್ಧ ಘನ ಮೀಟರ್. ಎಲ್ಲ ಕೂಡಿದರೆ ಬೇಕಾದದ್ದು 7.5. ಬಾಗಿಲು ಮುಚ್ಚಿದ್ದಾಗ 1.3, ಎರಡು ಬಾಗಿಲು ತೆರೆದಾಗ 7.5. ಒಂದೇ ಫ್ಯಾನು ಎರಡನ್ನೂ ನಿಭಾಯಿಸಬೇಕು.

ದೊಡ್ಡ ಫ್ಯಾನನ್ನೇ ಕೂರಿಸಿ ಕೈತೊಳೆದುಕೊಂಡರೆ? ಹೊರಬಾಗಿಲೂ ಮಹಡಿಯ ಬಾಗಿಲೂ ಮುಚ್ಚಿಕೊಂಡ ಗಳಿಗೆಯಲ್ಲಿ ಆ 7.5 ಘನ ಮೀಟರ್ 0.22ರ ಸಂದಿಯಲ್ಲೇ ನುಸುಳಬೇಕು. ಸೂತ್ರದ ಪ್ರಕಾರ ಅದಕ್ಕೆ 1,700 ಪಾಸ್ಕಲ್ ಬೇಕು. ಫ್ಯಾನಿಗೆ ಅಷ್ಟು ಶಕ್ತಿ ಇರುವುದಿಲ್ಲ, ಒತ್ತಡ ಏರಿದಂತೆ ಅದರ ಗಾಳಿಯೂ ಕಡಿಮೆಯಾಗುತ್ತದೆ. ಆದರೂ ಕೆಲವು ನೂರು ಪಾಸ್ಕಲ್ ಆರಾಮವಾಗಿ ಬರುತ್ತದೆ. 300 ಪಾಸ್ಕಲ್‌ನಲ್ಲಿ ಬಾಗಿಲು ತಳ್ಳಲು ಹೆಚ್ಚುಕಡಿಮೆ 39 ಕೆಜಿಯ ಬಲ ಹಾಕಬೇಕು. ಲಾಬಿಯಲ್ಲಿ ನಿಂತವರಿಗೆ ಹೊರಗಿನಿಂದ ಯಾರೋ ಚಿಲಕ ಹಾಕಿದ್ದಾರೆ ಅನ್ನಿಸುತ್ತದೆ.

ಈ ಹಂತದಲ್ಲಿ ಸಾಮಾನ್ಯವಾಗಿ ಬರುವ ಸಲಹೆ ವಿಎಫ್‌ಡಿ, ಅಂದರೆ ಮೋಟರಿನ ವೇಗ ಬದಲಿಸುವ ಡ್ರೈವ್. ಮೆಟ್ಟಿಲಲ್ಲಿ ಒತ್ತಡದ ಸೆನ್ಸರ್ ಇಟ್ಟು, ಒತ್ತಡ ಬಿದ್ದರೆ ಫ್ಯಾನ್ ಜೋರು, ಏರಿದರೆ ನಿಧಾನ ಎಂದು ಹೇಳಿಕೊಟ್ಟರೆ ಮುಗಿಯಿತಲ್ಲ? ಕಾಗದದ ಮೇಲೆ ಮುಗಿಯುತ್ತದೆ. ಬಾಗಿಲ ಮುಂದೆ ನಿಂತು ಸೆಕೆಂಡು ಎಣಿಸಿದರೆ ಮುಗಿಯುವುದಿಲ್ಲ.

ನಮ್ಮ ಮೆಟ್ಟಿಲ ಬಾವಿಯೊಳಗೆ ಹೆಚ್ಚೆಂದರೆ 600 ಘನ ಮೀಟರ್ ಗಾಳಿ ಇದೆ. ಅದರ ಒತ್ತಡವನ್ನು 50 ಪಾಸ್ಕಲ್ ಏರಿಸಲು ಎಷ್ಟು ಗಾಳಿ ಹೆಚ್ಚಿಗೆ ತುರುಕಬೇಕು? ವಾತಾವರಣದ ಒತ್ತಡವೇ ಒಂದು ಲಕ್ಷ ಪಾಸ್ಕಲ್. ಅದರಲ್ಲಿ 50 ಎಂದರೆ ಎರಡು ಸಾವಿರದಲ್ಲೊಂದು ಪಾಲು. ಅಂದರೆ 0.3 ಘನ ಮೀಟರ್ ಸಾಕು. ಬಾಗಿಲು ಮುಚ್ಚಿದ ಕ್ಷಣ ಫ್ಯಾನ್ ಸೆಕೆಂಡಿಗೆ ಆರು ಘನ ಮೀಟರ್ ಹೆಚ್ಚುವರಿ ಗಾಳಿ ದೂಡುತ್ತಿರುತ್ತದೆ. ಹಾಗಾಗಿ ಸೆಕೆಂಡಿನ ಇಪ್ಪತ್ತನೇ ಒಂದು ಭಾಗದಲ್ಲಿ 50 ಪಾಸ್ಕಲ್ ಏರಿಬಿಡುತ್ತದೆ. ಕಣ್ಣು ಮಿಟುಕಿಸುವುದಕ್ಕೂ ಮುಂಚೆ. ಡ್ರೈವ್ ಮಾತ್ರ ಕಾರ್ಖಾನೆಯಿಂದ ಬಂದ ಸೆಟ್ಟಿಂಗ್‌ನಲ್ಲಿ ವೇಗ ಇಳಿಸಲು ಹತ್ತಿಪ್ಪತ್ತು ಸೆಕೆಂಡು ತೆಗೆದುಕೊಳ್ಳುತ್ತದೆ. ಅಷ್ಟರೊಳಗೆ ಬಾಗಿಲ ಹತ್ತಿರ ಬಂದವರು ತಳ್ಳಿ, ಆಗದೆ, ವಾಪಸು ತಿರುಗಿರುತ್ತಾರೆ.

ಸೆಟ್ಟಿಂಗ್ ಬಿಗಿ ಮಾಡಿ ಮೂರು ಸೆಕೆಂಡಿನಲ್ಲಿ ವೇಗ ಇಳಿಸು ಎಂದರೆ ಇನ್ನೊಂದು ಪೇಚು. ಭಾರದ ಫ್ಯಾನ್ ಚಕ್ರ ತಾನೇ ತಿರುಗುತ್ತಾ ಮೋಟರನ್ನು ಜನರೇಟರ್ ಮಾಡಿ ಡ್ರೈವಿಗೆ ಕರೆಂಟು ಹಿಂದೂಡುತ್ತದೆ. ಅದನ್ನು ಸುಟ್ಟುಹಾಕುವ ಬ್ರೇಕಿಂಗ್ ರೆಸಿಸ್ಟರ್ ಇಲ್ಲದಿದ್ದರೆ ಡ್ರೈವ್ ಓವರ್‌ವೋಲ್ಟೇಜ್ ಎಂದು ಟ್ರಿಪ್ ಆಗುತ್ತದೆ. ಬೆಂಕಿಯ ನಡುವೆ ಫ್ಯಾನೇ ನಿಂತಿತು! ಜೊತೆಗೆ, ಜನ ಇಳಿಯುವಾಗ ಬಾಗಿಲುಗಳು ಕೆಲವೇ ಸೆಕೆಂಡಿಗೊಮ್ಮೆ ತೆರೆದು ಮುಚ್ಚುತ್ತವೆ. ಬಾಗಿಲು ತೆರೆಯಿತೆಂದು ಫ್ಯಾನ್ ವೇಗ ಹೆಚ್ಚಿಸಿಕೊಳ್ಳುವಷ್ಟರಲ್ಲಿ ಬಾಗಿಲು ಮುಚ್ಚಿರುತ್ತದೆ, ಮುಚ್ಚಿತೆಂದು ಇಳಿಸುವಷ್ಟರಲ್ಲಿ ಇನ್ನೊಂದು ತೆರೆದಿರುತ್ತದೆ. ಯಾವಾಗ ನೋಡಿದರೂ ಫ್ಯಾನ್ ಹಿಂದಿನ ಸ್ಥಿತಿಗೆ ಉತ್ತರ ಕೊಡುತ್ತಿರುತ್ತದೆ. ಸೈಟಿನವರು ಇದನ್ನೇ ಹಂಟಿಂಗ್ ಎನ್ನುತ್ತಾರೆ. ಕಿವಿಗೊಟ್ಟರೆ ಫ್ಯಾನಿನ ಸದ್ದು ಏರಿಳಿಯುವುದು ಕೇಳಿಸುತ್ತದೆ.

ಇದನ್ನು ಮನಗಂಡೇ ಇಎನ್ 12101-6ರ 2005ರ ಆವೃತ್ತಿ ಒಂದು ಗಡುವು ಹಾಕಿತು. ಬಾಗಿಲು ತೆರೆದ ಅಥವಾ ಮುಚ್ಚಿದ ಮೂರು ಸೆಕೆಂಡಿನೊಳಗೆ ಹೊಸ ಸ್ಥಿತಿಗೆ ಬೇಕಾದ ಗಾಳಿಯ ಶೇ 90ರಷ್ಟು ಸಿಗಬೇಕು. 50 ಪಾಸ್ಕಲ್‌ಗಿಂತ ಈ ಸಾಲೇ ನಿಜವಾದ ಪರೀಕ್ಷೆ ಎನ್ನುವುದು ನನ್ನ ಅಭಿಪ್ರಾಯ.

ಈ ಗಡುವನ್ನು ಸುಲಭವಾಗಿ ಗೆಲ್ಲುವ ಸಾಧನಕ್ಕೆ ಕರೆಂಟೇ ಬೇಡ. ಮೆಟ್ಟಿಲ ಗೋಡೆಯಲ್ಲಿ ಒಂದು ಕಿಂಡಿ, ಅದಕ್ಕೆ ಹಗುರವಾದ ತಗಡಿನ ರೆಕ್ಕೆಗಳು, ರೆಕ್ಕೆಗಳ ಸರಳಿಗೆ ಸರಿಸಿ ಬಿಗಿಯಬಹುದಾದ ಒಂದು ತೂಕ. ರಿಲೀಫ್ ಡ್ಯಾಂಪರ್ ಎಂದರೆ ಇಷ್ಟೇ. ಒಳಗಿನ ಒತ್ತಡ 50 ದಾಟಿದರೆ ಗಾಳಿಯೇ ರೆಕ್ಕೆ ಎತ್ತಿ ಹೊರಹೋಗುತ್ತದೆ, ಇಳಿದರೆ ತೂಕ ರೆಕ್ಕೆಯನ್ನು ಮುಚ್ಚುತ್ತದೆ. ಫ್ಯಾನ್ ಒಂದೇ ವೇಗದಲ್ಲಿ 7.5 ಕೊಡುತ್ತಲೇ ಇರುತ್ತದೆ. ಬಾಗಿಲು ತೆರೆದಾಗ ಗಾಳಿ ಬಾಗಿಲಿನಿಂದ ಹೋಗುತ್ತದೆ, ಮುಚ್ಚಿದಾಗ ಡ್ಯಾಂಪರಿನಿಂದ. ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ ಜಾರ್ಜ್ ತಮುರಾ 1990ರ ಸುಮಾರಿಗೆ ಹತ್ತು ಮಹಡಿಯ ಪ್ರಯೋಗ ಗೋಪುರದೊಳಗೆ ನಿಜವಾಗಿಯೇ ಬೆಂಕಿ ಹಾಕಿ ಪರೀಕ್ಷಿಸಿದ್ದು ಹೆಚ್ಚುವರಿ ಒತ್ತಡ ಬಿಡುವ ಇಂಥ ಏರ್ಪಾಡುಗಳನ್ನೇ.

ಕೆಡುವುದು ಅಳತೆಯಲ್ಲಿ. ಬಾಗಿಲು ಮುಚ್ಚಿದ್ದಾಗ ಸಂದಿಗಳಲ್ಲಿ ಹೋಗುವ 1.3 ಕಳೆದರೆ ಉಳಿದ 6.2 ಘನ ಮೀಟರ್ ಡ್ಯಾಂಪರಿನಿಂದಲೇ ಹೊರಬೀಳಬೇಕು. 50–60 ಪಾಸ್ಕಲ್‌ನಲ್ಲಿ ಅದಕ್ಕೆ ಹೆಚ್ಚುಕಡಿಮೆ ಒಂದು ಚದರ ಮೀಟರ್ ತೆರವು ಬೇಕು. ಅಷ್ಟು ದೊಡ್ಡ ಕಿಂಡಿಯನ್ನು ಆರ್ಕಿಟೆಕ್ಟ್ ಒಪ್ಪುವುದಿಲ್ಲ, ಮಳೆ ನುಗ್ಗುತ್ತದೆ ಎಂದು ಮಾಲೀಕರೂ ಒಪ್ಪುವುದಿಲ್ಲ. ಕೊನೆಗೆ ನಲವತ್ತು ಸೆಂಟಿಮೀಟರ್ ಚೌಕದ ಒಂದು ಡ್ಯಾಂಪರ್ ಬರುತ್ತದೆ. ಅದು ಬೇಕಾದುದರ ಆರನೇ ಒಂದು ಪಾಲು. ಹಾಗೆ ಮಾಡಿದ ಕಡೆ ಎಲ್ಲ ಬಾಗಿಲು ಮುಚ್ಚಿ ಫ್ಯಾನ್ ಪೂರ್ತಿ ವೇಗದಲ್ಲಿ ಹಾಕಿದರೆ ಬಾಗಿಲು ಅಲುಗುವುದಿಲ್ಲ. ಆಗ ಯಾರೋ ಡ್ರೈವಿನ ವೇಗ ಇಳಿಸಿ ಮೀಟರಿನಲ್ಲಿ 50 ಬರುವಂತೆ ಮಾಡಿ ಅಲ್ಲಿಗೇ ಲಾಕ್ ಮಾಡುತ್ತಾರೆ. ದೊಡ್ಡ ಫ್ಯಾನ್ ಹಣ ಕೊಟ್ಟು ತಂದು, ಅದನ್ನು ಸಣ್ಣ ಫ್ಯಾನಾಗಿಸಿದ ಹಾಗಾಯಿತು. ಬಾಗಿಲು ತೆರೆದಾಗ ಮತ್ತೆ ಅರ್ಧ ಪಾಸ್ಕಲ್‌ನ ಕಥೆಯೇ.

ಗಾಳಿಯ ದಿಕ್ಕೂ ಆಟ ಆಡಿಸುತ್ತದೆ. ಸೆಕೆಂಡಿಗೆ 10 ಮೀಟರ್ ವೇಗದ, ಅಂದರೆ ಗಂಟೆಗೆ 36 ಕಿಲೋಮೀಟರ್‌ನ ಗಾಳಿ ಗೋಡೆಗೆ ನೇರ ಬಡಿದರೆ ಸುಮಾರು 60 ಪಾಸ್ಕಲ್ ಒತ್ತುತ್ತದೆ. ಮಂಗಳೂರಿನಲ್ಲಿ ಕಡಲಿಗೆ ಮುಖ ಮಾಡಿದ ಗೋಡೆಯಲ್ಲಿ ರಿಲೀಫ್ ಡ್ಯಾಂಪರ್ ಇಟ್ಟರೆ ಆಷಾಢದ ಬಿರುಗಾಳಿಯಲ್ಲಿ ಅದು ಒಳಗಿನ 50ಕ್ಕೆ ತೆರೆಯುವುದೇ ಇಲ್ಲ. ಎದುರು ಬದುರು ಗೋಡೆಗಳಲ್ಲಿ ಎರಡು ಇಡಬೇಕು, ಇಲ್ಲವೇ ಗಾಳಿ ತಡೆಯ ಮರೆ ಕೊಟ್ಟು ಮೇಲ್ಮುಖವಾಗಿ ಬಿಡಬೇಕು. ಒತ್ತಡ ಅಳೆಯುವ ಸೆನ್ಸರಿನ ಇನ್ನೊಂದು ನಳಿಕೆಯನ್ನು ಟೆರೇಸಿನಲ್ಲಿ ತೆರೆದಿಟ್ಟರೂ ಇದೇ ತೊಂದರೆ. ಅದು ಮೆಟ್ಟಿಲು ಮತ್ತು ಲಾಬಿಯ ವ್ಯತ್ಯಾಸ ಅಳೆಯಬೇಕೇ ಹೊರತು ಮೆಟ್ಟಿಲು ಮತ್ತು ಬಿರುಗಾಳಿಯದಲ್ಲ.

ಮೋಟರಿನಿಂದ ತೆರೆಯುವ ಡ್ಯಾಂಪರನ್ನು ಆರಿಸಿಕೊಂಡವರೂ ಇದ್ದಾರೆ. ತಪ್ಪಿಲ್ಲ, ಆದರೆ ಅಂಗಡಿಯಲ್ಲಿ ಸುಲಭಕ್ಕೆ ಸಿಗುವುದು ಎಸಿ ಡಕ್ಟುಗಳ ಮೋಟರ್. ಪೂರ್ತಿ ತೆರೆಯಲು ಅದಕ್ಕೆ ಒಂದೂವರೆಯಿಂದ ಎರಡೂವರೆ ನಿಮಿಷ ಬೇಕು. ಮೂರೇ ಸೆಕೆಂಡಿನೊಳಗೆ ತಿರುಗುವ ಮೋಟರೂ ಇದೆ, ಬೆಲೆ ಹೆಚ್ಚು. ಡ್ರಾಯಿಂಗಿನಲ್ಲಿ ಎರಡಕ್ಕೂ ಚಿಹ್ನೆ ಒಂದೇ.

ಎತ್ತರದ ಕಟ್ಟಡದಲ್ಲಿ ಗಾಳಿಯನ್ನು ಮೇಲಿನಿಂದ ಒಂದೇ ಕಡೆ ಸುರಿದರೆ ಮೇಲಿನ ಮಹಡಿಗಳಿಗೆ ಅತಿಯಾಗಿ ಕೆಳಗಿನವಕ್ಕೆ ಸಾಲದೆ ಹೋಗುತ್ತದೆ. ಮೇಲಿನ ಬಾಗಿಲೊಂದು ತೆರೆದರೆ ಗಾಳಿ ಅಲ್ಲಿಂದಲೇ ಹೊರಟುಹೋಗುತ್ತದೆ. ಅದಕ್ಕೆ ಡಕ್ಟನ್ನು ಉದ್ದಕ್ಕೂ ಇಳಿಸಿ ಕೆಲವು ಮಹಡಿಗೊಮ್ಮೆ ಬಾಯಿ ಕೊಡುತ್ತಾರೆ. ಇಎನ್‌ನ 2005ರ ಆವೃತ್ತಿಯ ಪ್ರಕಾರ ಮೂರು ಮಹಡಿಗೊಂದು.

ತಮ್ಮ ಕಟ್ಟಡದ ಸ್ಥಿತಿ ತಿಳಿಯಲು ನಿವಾಸಿಗಳ ಸಂಘದವರಿಗೆ ದುಬಾರಿ ಉಪಕರಣ ಬೇಕಿಲ್ಲ. ತೂಗುವ ಸ್ಪ್ರಿಂಗ್ ತಕ್ಕಡಿ, ಊದುಬತ್ತಿ, ಮೊಬೈಲಿನ ಸ್ಟಾಪ್‌ವಾಚ್ ಇದ್ದರೆ ಬಹುಪಾಲು ಗೊತ್ತಾಗುತ್ತದೆ. ಫ್ಯಾನ್ ಹಾಕಿಸಿ, ಎಲ್ಲ ಬಾಗಿಲು ಮುಚ್ಚಿಸಿ, ಮಹಡಿಯ ಬಾಗಿಲ ಸಂದಿಗೆ ಲಾಬಿಯ ಕಡೆಯಿಂದ ಊದುಬತ್ತಿ ಹಿಡಿಯಿರಿ. ಹೊಗೆ ನಿಮ್ಮ ಕಡೆಗೆ ಬಾಗಬೇಕು. ಮೆಟ್ಟಿಲ ಕಡೆ ನಿಂತವರು ಹಿಡಿಗೆ ತಕ್ಕಡಿ ಸಿಕ್ಕಿಸಿ ನಿಧಾನಕ್ಕೆ ಎಳೆದಾಗ ಬಾಗಿಲು ಬಿಡುವ ಗಳಿಗೆಯ ಅಂಕಿ ಹತ್ತು ಕೆಜಿಯ ಆಸುಪಾಸಿನಲ್ಲಿರಬೇಕು. ಫ್ಯಾನ್ ನಿಲ್ಲಿಸಿ ಇದೇ ಅಳತೆ ಮತ್ತೊಮ್ಮೆ ತೆಗೆದರೆ ಕ್ಲೋಸರ್‌ನ ಪಾಲೆಷ್ಟು, ಗಾಳಿಯ ಪಾಲೆಷ್ಟು ಎಂದು ಬೇರೆಯಾಗಿ ತಿಳಿಯುತ್ತದೆ. ಎಷ್ಟೋ ಕಡೆ ಗಾಳಿಯ ತಪ್ಪೇನೂ ಇರುವುದಿಲ್ಲ, ಕ್ಲೋಸರ್‌ನ ಸ್ಕ್ರೂ ಅತಿಯಾಗಿ ಬಿಗಿದಿರುತ್ತದೆ.

ಆಮೇಲೆ ಹೊರಬಾಗಿಲನ್ನೂ ಒಂದು ಮಹಡಿಯ ಬಾಗಿಲನ್ನೂ ತೆರೆಸಿ, ತೆರೆದ ಮಹಡಿಯ ಬಾಗಿಲಿನ ಮೇಲೆ, ನಡುವೆ, ಕೆಳಗೆ ಮೂರೂ ಕಡೆ ಊದುಬತ್ತಿ ಹಿಡಿಯಬೇಕು. ಮೂರರಲ್ಲೂ ಹೊಗೆ ಮೆಟ್ಟಿಲಿನಿಂದ ಲಾಬಿಗೇ ಹೋಗಬೇಕು. ಕೆಳಗೆ ಸರಿಯಾಗಿದ್ದು ಮೇಲಂಚಿನಲ್ಲಿ ಹೊಗೆ ತಡವರಿಸಿದರೂ ಎಚ್ಚರ ಬೇಕು, ಬಿಸಿ ಹೊಗೆ ನುಗ್ಗುವುದು ಮೇಲಂಚಿನಿಂದಲೇ. ಕೊನೆಗೆ ಎರಡೂ ಬಾಗಿಲನ್ನು ಒಟ್ಟಿಗೆ ಬಿಟ್ಟು, ಮುಚ್ಚಿದ ಕ್ಷಣದಿಂದ ಒಂದು, ಎರಡು, ಮೂರು ಎಣಿಸಿ ಮತ್ತೆ ತಕ್ಕಡಿ ಎಳೆಯಿರಿ. ಎಲ್ಲ ಶಾಂತವಾದ ಮೇಲೆ ಹತ್ತು ಕೆಜಿ ತೋರಿಸಿದ ಬಾಗಿಲು ಈಗ ಇಪ್ಪತ್ತೈದು ತೋರಿಸಿದರೆ, ಫ್ಯಾನ್ ಸರಿಯಿದೆ, ಅದನ್ನು ನಿಯಂತ್ರಿಸುವ ಏರ್ಪಾಡು ಸೋತಿದೆ. ಹೊರಬಾಗಿಲು ಪೂರ್ತಿ ಮುಚ್ಚಿತೇ ಎಂದೂ ನೋಡಿ. ಅದು ಹೊರಕ್ಕೆ ತೆರೆಯುವುದರಿಂದ ಒಳಗಿನ ಗಾಳಿ ಅದನ್ನು ಹೊರದೂಡುತ್ತಿರುತ್ತದೆ. ಕ್ಲೋಸರ್ ದುರ್ಬಲವಾಗಿದ್ದರೆ ಬಾಗಿಲು ನಾಲ್ಕು ಬೆರಳು ಸಂದಿ ಬಿಟ್ಟು ನಿಲ್ಲುತ್ತದೆ.

ಇಷ್ಟೆಲ್ಲ ಸರಿಯಿದ್ದ ಕಟ್ಟಡದಲ್ಲೂ ಲೆಕ್ಕ ಕೆಡಿಸುವ ಒಂದು ವಸ್ತು ಇದೆ: ಇಟ್ಟಿಗೆ. ಕಸದ ಬುಟ್ಟಿ ಸಾಗಿಸಲು, ಗಾಳಿಯಾಡಲು, ಮಕ್ಕಳ ಸೈಕಲ್ಲಿಗೆ ಎಂದು ಫೈರ್ ಡೋರಿಗೆ ಇಟ್ಟಿಗೆಯೋ ಹೂಕುಂಡವೋ ಅಡ್ಡ ಇಡುವುದು ಎಲ್ಲ ಕಡೆ ಇದೆ. ನಮ್ಮ ಹದಿನೈದು ಮಹಡಿಯ ಲೆಕ್ಕ ಎರಡು ಬಾಗಿಲಿಗೆ ಹಾಕಿದ್ದು. ಕಿಟಕಿ ತೆರೆದಿರುವ ಇನ್ನೊಂದು ಮಹಡಿಯಲ್ಲಿ ಮೂರನೆಯ ಬಾಗಿಲು ಹೀಗೆ ತೆರೆದುಕೊಂಡಿದ್ದರೆ ಮೆಟ್ಟಿಲ ಒತ್ತಡ 10ರಿಂದ 6 ಪಾಸ್ಕಲ್‌ಗೆ ಇಳಿದು, ಬೆಂಕಿ ಬಿದ್ದ ಮಹಡಿಯ ಬಾಗಿಲಲ್ಲಿ ಗಾಳಿಯ ವೇಗ 0.75ರಿಂದ 0.57ಕ್ಕೆ ಬೀಳುತ್ತದೆ. ಇದಕ್ಕೂ ಸೇರಿಸಿ ಫ್ಯಾನ್ ದೊಡ್ಡದು ಮಾಡಬಹುದು. ಆದರೆ ಇಟ್ಟಿಗೆ ತೆಗೆದ ದಿನ ಆ ಹೆಚ್ಚುವರಿ ಗಾಳಿಯನ್ನೆಲ್ಲ ಹೊರಹಾಕಲು ಇನ್ನೂ ಅಗಲದ ಡ್ಯಾಂಪರ್ ಬೇಕು, ಮೊದಲಿನ ಒಂದು ಚದರ ಮೀಟರನ್ನೇ ಗೋಡೆಯಲ್ಲಿ ಕೊಡಲು ಯಾರೂ ಒಪ್ಪಿರಲಿಲ್ಲ. ಹಗಲಲ್ಲಿ ತೆರೆದೇ ಇರಬೇಕಾದ ಬಾಗಿಲಾದರೆ ಅದಕ್ಕೆ ಸರಿಯಾದ ದಾರಿ ಮ್ಯಾಗ್ನೆಟಿಕ್ ಹೋಲ್ಡರ್. ಗೋಡೆಗೆ ಕೂರಿಸಿದ ವಿದ್ಯುತ್ ಅಯಸ್ಕಾಂತ ಬಾಗಿಲನ್ನು ತೆರೆದು ಹಿಡಿದಿರುತ್ತದೆ. ಅಲಾರಂ ಹೊಡೆದಾಗ, ಕರೆಂಟು ಹೋದಾಗಲೂ ಸಹ, ಹಿಡಿತ ಬಿಡುತ್ತದೆ, ಕ್ಲೋಸರ್ ಬಾಗಿಲನ್ನು ಮುಚ್ಚುತ್ತದೆ.